ಮೊಬೈಲ್ ಬ್ಯಾಂಕಿಂಗ್‌ನಿಂದ ಉಳಿತಾಯ ಹೆಚ್ಚುತ್ತದೆಯೇ? ಉತ್ತರ ಕೊಡಬಲ್ಲ ಪ್ರಸ್ತಾವ ಹೀಗಿರಬೇಕು

ಮೊಬೈಲ್ ಬ್ಯಾಂಕಿಂಗ್ ಬಳಸುವ ಕುಟುಂಬಗಳ ಬಳಿ ಬಳಸದವರಿಗಿಂತ ಜಾಸ್ತಿ ಉಳಿತಾಯ ಇರುತ್ತದೆ. ಯಾವ ಸಮೀಕ್ಷೆಯ ಪಟ್ಟಿ ತೆಗೆದರೂ ಸಾಮಾನ್ಯವಾಗಿ ಇದೇ ಕಾಣುತ್ತದೆ. ಇದನ್ನು ನೋಡಿದ ಕೂಡಲೇ 'ಮೊಬೈಲ್ ಬ್ಯಾಂಕಿಂಗ್‌ನಿಂದ ಉಳಿತಾಯ ಹೆಚ್ಚಿತು' ಎಂದು ಬರೆದುಬಿಡುವ ವರದಿಗಳೂ ಇವೆ. ಆದರೆ ಕೈಯಲ್ಲಿ ನಾಲ್ಕು ಕಾಸು ಮಿಗುವವರೇ ಮೊದಲು ಖಾತೆ ತೆರೆಯುತ್ತಾರೆ, ಅಲ್ವಾ? ಆಗ ಯಾವುದು ಕಾರಣ, ಯಾವುದು ಪರಿಣಾಮ ಎಂದು ಆ ಪಟ್ಟಿ ಹೇಳುವುದಿಲ್ಲ.

ಇದನ್ನು ಬಿಡಿಸಲು ಸಂಶೋಧಕರು ಪ್ಯಾನೆಲ್ ಸಮೀಕ್ಷೆಯ ಮೊರೆ ಹೋಗುತ್ತಾರೆ. ಅಂದರೆ ಅವೇ ಕುಟುಂಬಗಳನ್ನು ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಮತ್ತೆ ಮತ್ತೆ ಭೇಟಿ ಮಾಡಿ, ಅವೇ ಪ್ರಶ್ನೆಗಳನ್ನು ಕೇಳುವುದು. ಇದು ದೊಡ್ಡ ಅನುಕೂಲ. ಆದರೆ ಪ್ಯಾನೆಲ್ ಇದ್ದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. ನಾನು ಓದಿದ ಹಲವು ಸಂಶೋಧನಾ ಪ್ರಸ್ತಾವಗಳಲ್ಲಿ ಸಮೀಕ್ಷೆಯ ಖರ್ಚು, ವೇಳಾಪಟ್ಟಿ, ಪ್ರಶ್ನಾವಳಿ ಎಲ್ಲವೂ ಚೆನ್ನಾಗಿರುತ್ತವೆ. 'ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಯಾವ ಉಳಿತಾಯವನ್ನು ಎಣಿಸುತ್ತೀರಿ' ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಒಂದೊಂದು ಸಾಲಿನ ಉತ್ತರ ಇರುತ್ತದೆ. ನನ್ನ ಪ್ರಕಾರ ಪ್ರಸ್ತಾವದ ಅರ್ಧ ಭಾಗ ಇವೆರಡಕ್ಕೇ ಹೋಗಬೇಕು. ಅಂಥ ಒಂದು ಪ್ರಸ್ತಾವದ ರೂಪರೇಖೆಯನ್ನು ಇಲ್ಲಿ ಹಂತ ಹಂತವಾಗಿ ಕಟ್ಟುತ್ತೇನೆ.

ಯಾವ ಉಳಿತಾಯ?

ಒಂದು ಕುಟುಂಬವನ್ನು ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಹಣವನ್ನು ಬರೀ ಅಂಕಿಗಳಲ್ಲಿ ಹೇಳುತ್ತೇನೆ. ಮೊದಲ ಭೇಟಿಯಲ್ಲಿ ಮನೆಯಲ್ಲಿಟ್ಟ ನಗದು 60, ಉಳಿತಾಯ ಗುಂಪಿನಲ್ಲಿ ಕಟ್ಟಿದ್ದು 40, ಮೊಬೈಲ್ ಖಾತೆಯಲ್ಲಿ ಸೊನ್ನೆ. ಒಟ್ಟು 100. ಎರಡನೇ ಭೇಟಿಯ ಹೊತ್ತಿಗೆ ಮನೆಯ ನಗದು 25, ಗುಂಪಿನಲ್ಲಿ 30, ಮೊಬೈಲ್ ಖಾತೆಯಲ್ಲಿ 50. ಒಟ್ಟು 105.

ಬ್ಯಾಂಕ್ ಮತ್ತು ಮೊಬೈಲ್ ಖಾತೆಯನ್ನಷ್ಟೇ ಕೇಳುವ ಪ್ರಶ್ನಾವಳಿಗೆ ಇಲ್ಲಿ 50ರ ಹೆಚ್ಚಳ ಕಾಣುತ್ತದೆ. ನಿಜಕ್ಕೂ ಹೆಚ್ಚಿದ್ದು 5. ಉಳಿದ 45 ಬರೀ ಜಾಗ ಬದಲಿಸಿದೆ. ಹಣ ಡಬ್ಬಿಯಿಂದ ಫೋನಿಗೆ ಬಂದರೂ ಸುರಕ್ಷತೆಯ ದೃಷ್ಟಿಯಿಂದ ಲಾಭ ಇರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಹಾಗಾಗಿ ಮುಖ್ಯ ಫಲಿತಾಂಶ 'ಎಲ್ಲ ರೂಪದ ಒಟ್ಟು ಉಳಿತಾಯ' ಎಂದು ಪ್ರಸ್ತಾವದಲ್ಲಿ ಮೊದಲೇ ಬರೆದುಬಿಡಬೇಕು. ನಗದು, ಗುಂಪು, ಬ್ಯಾಂಕ್, ಮೊಬೈಲ್, ಬೇರೆಯವರಿಗೆ ಕೊಟ್ಟ ಸಾಲ, ಚಿನ್ನ, ಜಾನುವಾರು, ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿ ಕೂಡಿಸಬೇಕು. ಮನೆಯವರು ಮಾಡಿದ ಸಾಲವನ್ನೂ ಪಕ್ಕದಲ್ಲೇ ದಾಖಲಿಸಬೇಕು. ಫೋನಿನಲ್ಲೇ ಸಣ್ಣ ಸಾಲ ಸಿಗುವ ಕಡೆ ಖಾತೆಯಲ್ಲಿ ಹಣವೂ ಹೆಚ್ಚುತ್ತದೆ, ಬಾಕಿಯೂ ಹೆಚ್ಚುತ್ತದೆ.

ಆದಾಯದಿಂದ ಖರ್ಚು ಕಳೆದರೆ ಉಳಿತಾಯ ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಕಾಗದದ ಮೇಲೆ ಸರಿ, ಸಮೀಕ್ಷೆಯಲ್ಲಿ ಕಷ್ಟ. ಆದಾಯ 100, ಖರ್ಚು 92 ಇರುವ ಮನೆಯ ಉಳಿತಾಯ 8. ಆದಾಯವನ್ನು ಶೇ 5ರಷ್ಟು ಕಡಿಮೆ ಹೇಳಿ, ಖರ್ಚನ್ನು ಶೇ 3ರಷ್ಟು ಜಾಸ್ತಿ ಹೇಳಿದರೆ ಎರಡೂ ಸುಮಾರು 95 ಆಗಿ, ಉಳಿತಾಯ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಇಂಥ ತಪ್ಪು ಯಾವ ಸಮೀಕ್ಷೆಯಲ್ಲೂ ಆಗುತ್ತದೆ. ಎರಡು ದೊಡ್ಡ ಅಂಕಿಗಳ ವ್ಯತ್ಯಾಸದಲ್ಲಿ ಸಣ್ಣ ತಪ್ಪುಗಳೂ ದೊಡ್ಡದಾಗುತ್ತವೆ. ಅದಕ್ಕೇ ಭೇಟಿಯ ದಿನ ಯಾವ ಯಾವ ಜಾಗದಲ್ಲಿ ಎಷ್ಟಿದೆ ಎಂದು ಕೇಳುವುದೇ ವಾಸಿ.

ಇದರಲ್ಲೂ ಒಂದು ತೊಡಕಿದೆ. ಮನೆಯಲ್ಲಿ ಬಚ್ಚಿಟ್ಟ ಹಣವನ್ನು ಜನ ಅಂದಾಜಿನಲ್ಲಿ ಹೇಳುತ್ತಾರೆ, ಸಂಗಾತಿ ಪಕ್ಕದಲ್ಲಿ ಕೂತಿದ್ದರೆ ಹೇಳದೆಯೂ ಇರುತ್ತಾರೆ. ಮೊಬೈಲ್ ಖಾತೆಯಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಪರದೆ ನೋಡಿ ಸರಿಯಾಗಿ ಹೇಳುತ್ತಾರೆ. ಆಗ ಬಚ್ಚಿಟ್ಟ ಹಣ ಫೋನಿಗೆ ಬಂದ ಕೂಡಲೇ ಸಮೀಕ್ಷೆಯ ಕಣ್ಣಿಗೆ ಬೀಳುತ್ತದೆ. ಒಂದು ಕಾಸೂ ಹೆಚ್ಚದೆ ಉಳಿತಾಯ ಏರಿದಂತೆ ಕಾಣುತ್ತದೆ. ದೊಡ್ಡವರನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆ ಕೂರಿಸಿ ಕೇಳುವುದಕ್ಕೆ ಖರ್ಚು ಜಾಸ್ತಿ. ಆದರೂ ಇಡೀ ಬಜೆಟ್‌ನಲ್ಲಿ ನಾನು ಕೊನೆಯ ತನಕ ಬಿಟ್ಟುಕೊಡದ ಖರ್ಚು ಇದೇ.

ಉಳಿತಾಯ ಇಳಿದರೂ ಅದು ಒಳ್ಳೆಯ ಸುದ್ದಿಯಾಗಿರಬಹುದು

ಬಹಳ ಪ್ರಸ್ತಾವಗಳು 'ಉಳಿತಾಯ ಹೆಚ್ಚುತ್ತದೆ' ಎಂಬ ಊಹೆಯಿಂದಲೇ ಶುರುವಾಗುತ್ತವೆ. ಕೀನ್ಯಾದ ಅನುಭವ ಬೇರೆಯದನ್ನು ಯೋಚಿಸುವಂತೆ ಮಾಡುತ್ತದೆ. ಅಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಶುರುವಾಯಿತು. ಬ್ಯಾಂಕ್ ಖಾತೆ ಇಲ್ಲದವರೂ ಫೋನಿನಲ್ಲಿ ಹಣ ಇಡಬಹುದು, ಕಳಿಸಬಹುದು, ಹತ್ತಿರದ ಏಜೆಂಟ್ ಬಳಿ ನಗದು ಮಾಡಿಕೊಳ್ಳಬಹುದು. ಅರ್ಥಶಾಸ್ತ್ರಜ್ಞರಾದ ವಿಲಿಯಂ ಜ್ಯಾಕ್ ಮತ್ತು ತವನೀತ್ ಸೂರಿ ಅಲ್ಲಿನ ಕುಟುಂಬಗಳ ಪ್ಯಾನೆಲ್ ಸಮೀಕ್ಷೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ಪಷ್ಟ ವ್ಯತ್ಯಾಸ ಕಂಡಿತು. ಕಾಯಿಲೆ, ಕೆಲಸ ಹೋಗುವುದು ಇಂಥ ಆಘಾತ ಬಂದಾಗ ಎಂ-ಪೆಸಾ ಬಳಸದ ಕುಟುಂಬಗಳ ಬಳಕೆಯ ಖರ್ಚು ಸುಮಾರು ಶೇ 7ರಷ್ಟು ಕುಸಿಯಿತು. ಬಳಸುವ ಕುಟುಂಬಗಳಲ್ಲಿ ಕುಸಿಯಲಿಲ್ಲ. ದೂರದಲ್ಲಿದ್ದ ಬಂಧುಗಳು ಮತ್ತು ಸ್ನೇಹಿತರು ಕಡಿಮೆ ಖರ್ಚಿನಲ್ಲಿ ಹಣ ಕಳಿಸಲು ಸಾಧ್ಯವಾದದ್ದು ಇದಕ್ಕೆ ಕಾರಣ.

ಈಗ ಇದನ್ನು ಉಳಿತಾಯಕ್ಕೆ ಹೊಂದಿಸಿ ನೋಡಿ. ಕಷ್ಟ ಬಂದರೆ ತಮ್ಮ ಅರ್ಧ ಗಂಟೆಯಲ್ಲಿ ಹಣ ಕಳಿಸುತ್ತಾನೆ ಎಂದು ಗೊತ್ತಿದ್ದರೆ, ಆಪತ್ಕಾಲಕ್ಕೆಂದು ಮನೆಯಲ್ಲಿ ಎಷ್ಟು ಕೂಡಿಡಬೇಕು? ಮೊದಲಿಗಿಂತ ಕಡಿಮೆ ಸಾಕು. ಇನ್ನೊಂದು ಕಡೆ, ಹಣ ಸುರಕ್ಷಿತವಾಗಿರುತ್ತದೆ, ಕೈಗೆ ಸಿಕ್ಕು ಖರ್ಚಾಗುವುದಿಲ್ಲ ಎಂಬ ಕಾರಣಕ್ಕೆ ಉಳಿತಾಯ ಹೆಚ್ಚಲೂಬಹುದು. ಎರಡು ಸೆಳೆತಗಳು ಎದುರುಬದುರು ನಿಂತಿವೆ. ಒಟ್ಟು ಪರಿಣಾಮ ಸೊನ್ನೆ ಬಂದರೆ ಏನೂ ಆಗಲಿಲ್ಲ ಎಂದಲ್ಲ, ಎರಡೂ ಒಂದನ್ನೊಂದು ಅಳಿಸಿರಬಹುದು.

ಆದ್ದರಿಂದ ಉಳಿತಾಯದ ಜೊತೆಗೆ ಇನ್ನೂ ಮೂರನ್ನು ಸಮೀಕ್ಷೆಯ ಪ್ರತಿ ಸುತ್ತಿನಲ್ಲೂ ಕೇಳಲೇಬೇಕು. ಕಳೆದ ಸುತ್ತಿನಿಂದ ಈಚೆಗೆ ಬಂದ ಆಘಾತಗಳು, ಹೊರಗಿನಿಂದ ಬಂದ ಮತ್ತು ಹೊರಗೆ ಕಳಿಸಿದ ಹಣ, ಬಳಕೆಯ ಖರ್ಚು. ಇವಿಲ್ಲದೆ ಉಳಿತಾಯದ ಅಂಕಿಯೊಂದನ್ನೇ ಹಿಡಿದರೆ ಅದರ ಅರ್ಥ ತಿರುವುಮುರುವು ಆಗುವ ಅಪಾಯ ಇದೆ.

ಯಾರ ಜೊತೆ ಹೋಲಿಕೆ?

ಪ್ಯಾನೆಲ್ ಇದ್ದಾಗ ಎಲ್ಲರೂ ಮೊದಲು ಬರೆಯುವ ಸಮೀಕರಣ ಇದು:

```
S_it = a_i + t_t + b*M_it + e_it
```

`S_it` ಅಂದರೆ `i` ಎಂಬ ಕುಟುಂಬದ `t` ಸುತ್ತಿನ ಉಳಿತಾಯ. `M_it` ಅಂದರೆ ಆ ಸುತ್ತಿನಲ್ಲಿ ಮೊಬೈಲ್ ಬ್ಯಾಂಕಿಂಗ್ ಇತ್ತೇ ಇಲ್ಲವೇ. `a_i` ಎಂಬುದು ಫಿಕ್ಸೆಡ್ ಎಫೆಕ್ಟ್. ಆ ಕುಟುಂಬದಲ್ಲಿ ಬದಲಾಗದೆ ಉಳಿಯುವ ಎಲ್ಲವನ್ನೂ ಅದು ನುಂಗಿಕೊಳ್ಳುತ್ತದೆ. ಹುಟ್ಟಾ ಜಿಪುಣತನ, ವಿದ್ಯೆ, ಇರುವ ಜಾಗ ಎಲ್ಲ ಅದರಲ್ಲಿ ಹೋಗುತ್ತವೆ. `t_t` ಎಲ್ಲರಿಗೂ ಒಟ್ಟಿಗೆ ಬಂದ ಒಳ್ಳೆಯ ವರ್ಷ, ಕೆಟ್ಟ ವರ್ಷಗಳನ್ನು ತೆಗೆಯುತ್ತದೆ. `e_it` ಅಂದರೆ ಇವು ಯಾವುದೂ ವಿವರಿಸದ ಏರಿಳಿತ. ಉಳಿದ `b` ನಮಗೆ ಬೇಕಾದ ಪರಿಣಾಮ.

ಸಮಸ್ಯೆ ಇರುವುದು 'ಬದಲಾಗದ' ಎಂಬ ಪದದಲ್ಲಿ. ಒಂದು ಮನೆಯ ಮಗನಿಗೆ ದೂರದ ಊರಲ್ಲಿ ಕೆಲಸ ಸಿಗುತ್ತದೆ. ಹಣ ಕಳಿಸಲಿಕ್ಕೆಂದೇ ಮನೆಯವರು ಅದೇ ತಿಂಗಳು ಮೊಬೈಲ್ ಖಾತೆ ತೆರೆಯುತ್ತಾರೆ. ಉಳಿತಾಯ ಏರುತ್ತದೆ. ಏರಿಸಿದ್ದು ಸಂಬಳ, ಖಾತೆ ಅಲ್ಲ. ಆದರೆ ಸಮೀಕರಣಕ್ಕೆ ಕಾಣುವುದು ಇಷ್ಟೇ: ಖಾತೆ ತೆರೆಯುವ ಮೊದಲು ಕಡಿಮೆ, ತೆರೆದ ಮೇಲೆ ಜಾಸ್ತಿ. ಕುಟುಂಬ ಯಾವುದು ಎಂಬುದನ್ನು ಫಿಕ್ಸೆಡ್ ಎಫೆಕ್ಟ್ ಸರಿಪಡಿಸುತ್ತದೆ. ಆ ಕುಟುಂಬ ಯಾವಾಗ ಖಾತೆ ತೆರೆಯಿತು ಎಂಬುದನ್ನು ಸರಿಪಡಿಸಲು ಅದರ ಕೈಲಿ ಆಗುವುದಿಲ್ಲ.

ಹಾಗಾಗಿ ಕುಟುಂಬದ ನಿರ್ಧಾರವನ್ನು ಬಿಟ್ಟು, ಅದರ ಕೈಯಲ್ಲಿ ಇಲ್ಲದ ಒಂದು ಬದಲಾವಣೆಯನ್ನು ಹಿಡಿಯಬೇಕು. ಏಜೆಂಟ್ ಬರುವುದು ಅಂಥದ್ದು. ಒಂದು ಊರಿನ ಹತ್ತಿರ ನಗದು ಹಾಕುವ, ತೆಗೆಯುವ ಏಜೆಂಟ್ ಇಲ್ಲದಿದ್ದರೆ ಮೊಬೈಲ್ ಖಾತೆಯಿಂದ ಹೆಚ್ಚು ಉಪಯೋಗ ಇಲ್ಲ. ಜ್ಯಾಕ್ ಮತ್ತು ಸೂರಿ ಕೂಡ ಏಜೆಂಟ್ ಜಾಲ ಎಲ್ಲಿ ಎಷ್ಟು ಹರಡಿತು ಎಂಬುದನ್ನೇ ಆಧಾರ ಮಾಡಿಕೊಂಡರು. ನಮ್ಮ ಪ್ರಸ್ತಾವದಲ್ಲೂ `M_it` ಜಾಗಕ್ಕೆ 'ಈ ಸುತ್ತಿನ ಹೊತ್ತಿಗೆ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಏಜೆಂಟ್ ಇದ್ದಾರೆಯೇ' ಎಂಬುದು ಬರುತ್ತದೆ.

ಆದರೆ ಕಂಪನಿಗಳು ಏಜೆಂಟರನ್ನು ಕಣ್ಣುಮುಚ್ಚಿ ಇಡುವುದಿಲ್ಲ. ರಸ್ತೆ ಆಗುತ್ತಿರುವ, ಸಂತೆ ಬೆಳೆಯುತ್ತಿರುವ ಊರಿಗೇ ಮೊದಲು ಹೋಗುತ್ತಾರೆ. ಅಂಥ ಊರುಗಳಲ್ಲಿ ಉಳಿತಾಯ ಹೇಗೂ ಏರುತ್ತಿರುತ್ತದೆ. ಇದಕ್ಕೆ ಒಳ್ಳೆಯ ಪರಿಹಾರ ಎಂದರೆ ಸೇವೆ ಕೊಡುವ ಸಂಸ್ಥೆಯ ಜೊತೆ ಮೊದಲೇ ಮಾತಾಡಿ, ಹೇಗೂ ಹೋಗಬೇಕಿರುವ ಊರುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುವುದು. ಅದು ಆಗದಿದ್ದರೆ ಏಜೆಂಟ್ ಬರುವ ಮುಂಚೆಯೇ ಕನಿಷ್ಠ ಎರಡು ಸುತ್ತು ಸಮೀಕ್ಷೆ ಆಗಿರಬೇಕು. ಮೊದಲು ಏಜೆಂಟ್ ಸಿಗಲಿರುವ ಊರುಗಳೂ ತಡವಾಗಿ ಸಿಗಲಿರುವ ಊರುಗಳೂ ಆ ಎರಡು ಸುತ್ತುಗಳ ನಡುವೆ ಒಂದೇ ರೀತಿ ಸಾಗುತ್ತಿದ್ದವೇ ಎಂದು ನೋಡಬೇಕು. ಏಜೆಂಟ್ ಇನ್ನೂ ಬಾರದ ಸುತ್ತುಗಳಲ್ಲೇ 'ಪರಿಣಾಮ' ಕಂಡರೆ ಅದು ಏಜೆಂಟ್‌ನದ್ದಲ್ಲ, ರಸ್ತೆಯದ್ದು. ಒಂದೇ ಒಂದು ಹಳೆಯ ಸುತ್ತು ಇದ್ದರೆ ಈ ಪರೀಕ್ಷೆ ಮಾಡುವುದೇ ಸಾಧ್ಯವಿಲ್ಲ. ಎರಡನೆಯ ಹಳೆಯ ಸುತ್ತಿಗೆ ಹಣ ಕೇಳುವಾಗ ಪ್ರಸ್ತಾವದಲ್ಲಿ ಕೊಡಬೇಕಾದ ಕಾರಣ ಇದು.

ಏಜೆಂಟ್ ಬಂದದ್ದರಿಂದ ಇಡೀ ಊರಿನ ಸರಾಸರಿ ಉಳಿತಾಯ 5 ಏರಿತು, ಮೊಬೈಲ್ ಬ್ಯಾಂಕಿಂಗ್ ಬಳಸುವವರು ಶೇ 25 ಅಂಶ ಹೆಚ್ಚಿದರು ಎಂದುಕೊಳ್ಳಿ. 5ನ್ನು 0.25ರಿಂದ ಭಾಗಿಸಿ 'ಬಳಸಿದವರಿಗೆ 20 ಏರಿತು' ಎನ್ನುವುದು ಇನ್‌ಸ್ಟ್ರುಮೆಂಟಲ್ ವೇರಿಯೆಬಲ್ ವಿಧಾನದ ತಿರುಳು. ಆದರೆ ಈ ಭಾಗಾಕಾರ ಸರಿಯಾಗಬೇಕಾದರೆ ಬಳಸದವರಿಗೆ ಏನೂ ಆಗಿರಬಾರದು. ಅದು ನಂಬಲು ಕಷ್ಟ. ಪಕ್ಕದ ಮನೆಯವರ ಫೋನಿಗೆ ಬಂದ ಹಣವನ್ನು ಕೈಸಾಲವಾಗಿ ಪಡೆದವರಿಗೂ ಲಾಭ ಆಗಿರುತ್ತದೆ. ಹಾಗಾಗಿ ಊರಿನ ಮಟ್ಟದ 5ನ್ನೇ ಮುಖ್ಯ ಉತ್ತರವಾಗಿ ಕೊಡಬೇಕು. 20ನ್ನು ಷರತ್ತು ಹೇಳಿ ಎರಡನೆಯದಾಗಿ ಕೊಡಬಹುದು.

ಎಲ್ಲರಿಗೂ ಲಾಭ, ಉತ್ತರ ಮಾತ್ರ ಸೊನ್ನೆ

ಏಜೆಂಟ್ ಎಲ್ಲ ಊರಿಗೂ ಒಂದೇ ದಿನ ಬರುವುದಿಲ್ಲ. ಒಂದಷ್ಟು ಊರಿಗೆ ಈ ವರ್ಷ, ಇನ್ನೊಂದಷ್ಟಕ್ಕೆ ಮುಂದಿನ ವರ್ಷ. ಹೀಗಿರುವಾಗ ಮೇಲಿನ ಸಮೀಕರಣವನ್ನು ಹಾಗೇ ಓಡಿಸಿದರೆ ಏನಾಗುತ್ತದೆ ಎಂಬುದು ಕಳೆದ ಕೆಲವು ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರನ್ನು ತುಂಬ ಕಾಡಿದ ವಿಷಯ. ಸಣ್ಣ ಲೆಕ್ಕವೊಂದರಿಂದ ಇದು ಅರ್ಥವಾಗುತ್ತದೆ. ಕಾಗದ ಪೆನ್ನು ಹಿಡಿದೇ ಇದನ್ನು ಮಾಡಿ ನೋಡಬಹುದು.

ಎರಡು ಊರು, ಮೂರು ಸುತ್ತು. ಮೊದಲ ಊರಿಗೆ ಏಜೆಂಟ್ ಎರಡನೇ ಸುತ್ತಿನಲ್ಲಿ ಬಂದರು, ಎರಡನೇ ಊರಿಗೆ ಮೂರನೇ ಸುತ್ತಿನಲ್ಲಿ. ಏಜೆಂಟ್ ಇಲ್ಲದಿದ್ದರೆ ಎರಡೂ ಕಡೆ ಉಳಿತಾಯ 100ರಲ್ಲೇ ನಿಲ್ಲುತ್ತಿತ್ತು. ಏಜೆಂಟ್ ಬಂದ ಸುತ್ತಿನಲ್ಲಿ 10 ಏರುತ್ತದೆ. ಜನರಿಗೆ ರೂಢಿಯಾದ ಮೇಲೆ, ಮುಂದಿನ ಸುತ್ತಿಗೆ ಒಟ್ಟು ಏರಿಕೆ 30 ಆಗುತ್ತದೆ. ಅಂದರೆ ಮೊದಲ ಊರಿನ ಅಂಕಿಗಳು 100, 110, 130. ಎರಡನೇ ಊರಿನವು 100, 100, 110.

ಮೊದಲ ಹೋಲಿಕೆ ಚೆನ್ನಾಗಿದೆ. ಒಂದರಿಂದ ಎರಡನೇ ಸುತ್ತಿಗೆ ಮೊದಲ ಊರು 10 ಏರಿತು, ಎರಡನೆಯದು ನಿಂತಲ್ಲೇ ನಿಂತಿತು. ಪರಿಣಾಮ 10. ಈಗ ಎರಡರಿಂದ ಮೂರನೇ ಸುತ್ತು. ಇಲ್ಲಿ ಹೊಸದಾಗಿ ಏಜೆಂಟ್ ಸಿಕ್ಕಿದ್ದು ಎರಡನೇ ಊರಿಗೆ, ಅದು 10 ಏರಿತು. ಸಮೀಕರಣ ಅದನ್ನು ಏಜೆಂಟ್ ಸ್ಥಿತಿ ಬದಲಾಗದ ಮೊದಲ ಊರಿನ ಜೊತೆ ಹೋಲಿಸುತ್ತದೆ. ಆ ಊರು ಅದೇ ಹೊತ್ತಿನಲ್ಲಿ 110ರಿಂದ 130ಕ್ಕೆ ಹೋಗಿ 20 ಏರಿದೆ. ವ್ಯತ್ಯಾಸ ಋಣ 10. ಸಮೀಕರಣ ಈ ಎರಡು ಹೋಲಿಕೆಗಳ ಸರಾಸರಿ ತೆಗೆಯುತ್ತದೆ. `b` ಬರುವುದು ಸರಿಯಾಗಿ ಸೊನ್ನೆ. ಏಜೆಂಟ್ ಬಂದಂದಿನಿಂದ ಎರಡೂ ಊರಿಗೆ ಪ್ರತಿ ಸುತ್ತಿನಲ್ಲೂ ಲಾಭವಾಗಿದೆ. ನಿಜವಾದ ಪರಿಣಾಮಗಳು 10, 30, 10. ಸರಾಸರಿ ಸುಮಾರು 17.

ತಪ್ಪಾದದ್ದು ಎಲ್ಲಿ? ಈಗಾಗಲೇ ಏಜೆಂಟ್ ಬಂದು ಇನ್ನೂ ಏರುತ್ತಿರುವ ಊರನ್ನು ಸಮೀಕರಣ ಹೋಲಿಕೆಯ ಅಳತೆಗೋಲಾಗಿ ಬಳಸಿತು. ಅಂಕಿ ಸಂಖ್ಯೆಯ ಕೊರತೆಯಿಂದ ಆದ ತಪ್ಪಲ್ಲ ಇದು. ಲಕ್ಷ ಕುಟುಂಬಗಳಿದ್ದರೂ ಹೀಗೇ ಬರುತ್ತದೆ. ಉಳಿತಾಯದಂಥ ವಿಷಯದಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಉಳಿತಾಯ ಹನಿ ಹನಿಯಾಗಿ ಕೂಡುವಂಥದ್ದು. ಪರಿಣಾಮ ಮೊದಲ ದಿನವೇ ಪೂರ್ತಿ ಕಾಣುವುದಿಲ್ಲ, ವರ್ಷ ಕಳೆದಂತೆ ಬೆಳೆಯುತ್ತದೆ.

ಪರಿಹಾರ ಸರಳ. ಏಜೆಂಟ್ ಬಂದ ಊರನ್ನು 'ಇನ್ನೂ ಬಾರದ' ಊರಿನ ಜೊತೆ ಮಾತ್ರ ಹೋಲಿಸಬೇಕು. ಪ್ರತಿ ಗುಂಪಿಗೆ, ಪ್ರತಿ ಸುತ್ತಿಗೆ ಬೇರೆ ಬೇರೆ ಪರಿಣಾಮ ತೆಗೆದು ಆಮೇಲೆ ಕೂಡಿಸಬೇಕು. ಬ್ರ್ಯಾಂಟ್ಲಿ ಕ್ಯಾಲವೇ ಮತ್ತು ಪೆಡ್ರೊ ಸಂತಾನಾ ಕಟ್ಟಿದ ವಿಧಾನ ಇದನ್ನೇ ಮಾಡುತ್ತದೆ. ಆರ್ ಭಾಷೆಯ `did` ಪ್ಯಾಕೇಜ್‌ನಲ್ಲಿ ಇಷ್ಟು ಬರೆದರೆ ಸಾಕು:

```r
library(did)
m <- att_gt(yname = "savings", tname = "round",
            idname = "hhid", gname = "first_agent",
            control_group = "notyettreated",
            clustervars = "village", data = d)
aggte(m, type = "dynamic")
```

`first_agent` ಅಂದರೆ ಆ ಊರಿಗೆ ಏಜೆಂಟ್ ಮೊದಲು ಬಂದ ಸುತ್ತು. ಸಮೀಕ್ಷೆ ಮುಗಿಯುವವರೆಗೂ ಬಾರದಿದ್ದರೆ ಅಲ್ಲಿ 0. ನೆನಪಿರಲಿ, ಎಲ್ಲ ಊರಿಗೂ ಏಜೆಂಟ್ ಬಂದುಬಿಟ್ಟ ಸುತ್ತಿನಲ್ಲಿ ಹೋಲಿಸಲು ಯಾರೂ ಉಳಿದಿರುವುದಿಲ್ಲ. ನಮ್ಮ ಎರಡು ಊರಿನ ಉದಾಹರಣೆಯಲ್ಲಿ ಮೂರನೇ ಸುತ್ತು ಹಾಗೇ ಇದೆ. ಆ 30ನ್ನು ಯಾವ ವಿಧಾನವೂ ಹಿಡಿಯಲಾರದು. ಕೊನೆಯ ಸುತ್ತಿನವರೆಗೂ ಏಜೆಂಟ್ ಬಾರದ ಊರುಗಳು ಮಾದರಿಯಲ್ಲಿ ಇರಲೇಬೇಕು.

ಸೊನ್ನೆಗಳ ಕಾಟ

ಉಳಿತಾಯದ ಅಂಕಿಗಳಲ್ಲಿ ಬಹಳಷ್ಟು ಸೊನ್ನೆಗಳಿರುತ್ತವೆ, ಕೆಲವು ತುಂಬ ದೊಡ್ಡ ಅಂಕಿಗಳೂ ಇರುತ್ತವೆ. ದೊಡ್ಡದನ್ನು ತಗ್ಗಿಸಲು ಲಾಗ್ ತೆಗೆಯೋಣ ಎಂದರೆ ಸೊನ್ನೆಗೆ ಲಾಗ್ ಇಲ್ಲ. ಅದಕ್ಕೆ ಹಲವರು `asinh` ಎಂಬ ಫಂಕ್ಷನ್ ಬಳಸುತ್ತಾರೆ. ಅದು ಸೊನ್ನೆಯನ್ನೂ ತೆಗೆದುಕೊಳ್ಳುತ್ತದೆ, ದೊಡ್ಡ ಅಂಕಿಗಳಲ್ಲಿ ಲಾಗ್‌ನಂತೆ ನಡೆಯುತ್ತದೆ, ಫಲಿತಾಂಶವನ್ನು ಶೇಕಡಾ ಎಂದು ಓದಬಹುದು ಎಂಬ ನಂಬಿಕೆ.

ಒಂದು ಲೆಕ್ಕ ಮಾಡಿ ನೋಡೋಣ. ನೂರಕ್ಕೆ ಹತ್ತು ಕುಟುಂಬಗಳು ಸೊನ್ನೆಯಿಂದ 50ಕ್ಕೆ ಬಂದವು, ಉಳಿದವರಲ್ಲಿ ಬದಲಾವಣೆ ಇಲ್ಲ. `asinh(50)` ಸುಮಾರು 4.6. ಸರಾಸರಿ ಪರಿಣಾಮ 0.46. ಈಗ ಅದೇ ಹಣವನ್ನು ಸಾವಿರ ಪಟ್ಟು ಸಣ್ಣ ಘಟಕದಲ್ಲಿ ಬರೆಯಿರಿ. 50 ಈಗ 50000 ಆಯಿತು. `asinh(50000)` ಸುಮಾರು 11.5. ಪರಿಣಾಮ 1.15. ಜನರ ಬದುಕಲ್ಲಿ ಏನೂ ಬದಲಾಗಿಲ್ಲ, ಅಳತೆಯ ಘಟಕ ಬದಲಾಯಿತು ಅಷ್ಟೇ. ಪರಿಣಾಮ ಎರಡೂವರೆ ಪಟ್ಟಾಯಿತು. ಇಂಥ ಅಂಕಿಯನ್ನು ಶೇಕಡಾ ಎಂದು ಕರೆಯಲು ಬರುವುದಿಲ್ಲ.

ಮೊಬೈಲ್ ಬ್ಯಾಂಕಿಂಗ್ ವಿಷಯದಲ್ಲಿ ಇದು ನೇರವಾಗಿ ತಾಗುತ್ತದೆ, ಏಕೆಂದರೆ ಅದರ ಮುಖ್ಯ ಕೆಲಸವೇ ಏನೂ ಉಳಿಸದವರನ್ನು ಸ್ವಲ್ಪ ಉಳಿಸುವವರನ್ನಾಗಿ ಮಾಡುವುದಿರಬಹುದು. ನಾನು ಎರಡು ಪ್ರಶ್ನೆಗಳನ್ನು ಬೇರೆ ಮಾಡುತ್ತೇನೆ. ಸ್ವಲ್ಪವಾದರೂ ಉಳಿತಾಯ ಇರುವ ಕುಟುಂಬಗಳ ಪಾಲು ಎಷ್ಟು ಏರಿತು ಎಂಬುದು ಒಂದು. ಸರಾಸರಿ ಮೊತ್ತ ಎಷ್ಟು ಏರಿತು ಎಂಬುದು ಇನ್ನೊಂದು. ಮೊತ್ತವನ್ನು ಲಾಗ್ ಮಾಡದೆ, ತೀರಾ ಮೇಲಿನ ಶೇ 1ರಷ್ಟು ಅಂಕಿಗಳನ್ನು ಆ ಶೇ 1 ಶುರುವಾಗುವ ಗೆರೆಯ ಮಟ್ಟಕ್ಕೆ ಇಳಿಸಿ ನೋಡುತ್ತೇನೆ. ಗೆರೆ ಎಲ್ಲಿ ಎಂಬುದನ್ನು ಡೇಟಾ ಬರುವ ಮೊದಲೇ ಬರೆದಿಡಬೇಕು. ಆಮೇಲೆ ಆರಿಸಿಕೊಂಡರೆ ಬೇಕಾದ ಉತ್ತರ ಬರುವ ಗೆರೆ ಯಾವಾಗಲೂ ಸಿಗುತ್ತದೆ.

ಎಷ್ಟು ಮನೆ, ಎಷ್ಟು ಸುತ್ತು

150 ಊರು, ಊರಿಗೆ 12 ಮನೆಯಂತೆ 1800 ಕುಟುಂಬಗಳು ಎಂದುಕೊಳ್ಳೋಣ. ಕೇಳಲು ದೊಡ್ಡದು. ಆದರೆ ಒಂದೇ ಊರಿನ ಮನೆಗಳು ಒಂದಕ್ಕೊಂದು ಹೋಲುತ್ತವೆ. ಬೆಳೆ ಹೋದರೆ ಎಲ್ಲರಿಗೂ ಹೋಗುತ್ತದೆ. ಸೊನ್ನೆಯಿಂದ ಒಂದರವರೆಗಿನ ಈ ಹೋಲಿಕೆಯ ಅಳತೆ 0.10 ಇದ್ದರೆ, ಊರಿನ ಉಳಿದ 11 ಮನೆಗಳನ್ನು ಲೆಕ್ಕಕ್ಕೆ ಹಿಡಿದು 1 + 11 × 0.10 = 2.1ರಿಂದ ಭಾಗಿಸಬೇಕು. 1800 ಮನೆಗಳು ಲೆಕ್ಕಕ್ಕೆ ಬರುವುದು ಸುಮಾರು 857 ಸ್ವತಂತ್ರ ಮನೆಗಳಷ್ಟೇ.

ಅರ್ಧದಷ್ಟು ಊರುಗಳಿಗೆ ಏಜೆಂಟ್, ಉಳಿದ ಅರ್ಧಕ್ಕೆ ಇಲ್ಲ. ಆಮೇಲೆ ಒಂದೇ ಸುತ್ತು. ಇಲ್ಲದ ಪರಿಣಾಮವನ್ನು ಇದೆ ಎನ್ನುವ ಸಾಧ್ಯತೆ ಶೇ 5, ಇರುವ ಪರಿಣಾಮವನ್ನು ಹಿಡಿಯುವ ಸಾಧ್ಯತೆ ಅಂದರೆ ಪವರ್ ಶೇ 80 ಎಂದು ರೂಢಿಯಂತೆ ಇಟ್ಟು ಒರಟಾಗಿ ಲೆಕ್ಕ ಹಾಕಿದರೆ, ಈ ಮಾದರಿ ಹಿಡಿಯಬಲ್ಲ ಅತಿ ಸಣ್ಣ ಪರಿಣಾಮ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಸುಮಾರು 0.19 ಪಾಲು. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಉಳಿತಾಯದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಸರಾಸರಿಯ ಎರಡು ಪಟ್ಟು ಇದ್ದರೆ ಅದೇನೂ ಅಪರೂಪವಲ್ಲ. ಹಾಗಿದ್ದರೆ 0.19 ಅಂದರೆ ಸರಾಸರಿಯ ಶೇ 38. ಉಳಿತಾಯ ನಿಜಕ್ಕೂ ಶೇ 15 ಏರಿದ್ದರೂ ಈ ಅಧ್ಯಯನ ಬಹುತೇಕ 'ಪರಿಣಾಮ ಕಾಣಲಿಲ್ಲ' ಎಂದೇ ಹೇಳುತ್ತದೆ. ಆ ಸಾಲನ್ನು ಓದಿದವರು 'ಪರಿಣಾಮ ಇಲ್ಲ' ಎಂದು ತಿಳಿಯುತ್ತಾರೆ.

ಏಜೆಂಟ್‌ಗಿಂತ ಮೊದಲು ಎರಡು, ಆಮೇಲೆ ಮೂರು ಸುತ್ತು ಇಟ್ಟರೆ ಚಿತ್ರ ಸ್ವಲ್ಪ ಸುಧಾರಿಸುತ್ತದೆ. ಒಂದು ಸುತ್ತಿನ ಉಳಿತಾಯಕ್ಕೂ ಮುಂದಿನ ಸುತ್ತಿನದಕ್ಕೂ ಇರುವ ಸಂಬಂಧ 0.3ರಷ್ಟು ಇದ್ದರೆ, ಹಿಡಿಯಬಲ್ಲ ಪರಿಣಾಮ ಸರಾಸರಿಯ ಸುಮಾರು ಶೇ 29ಕ್ಕೆ ಇಳಿಯುತ್ತದೆ. ಉಳಿತಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವಂಥದ್ದು. ಆದ್ದರಿಂದಲೇ ಅವೇ ಮನೆಗಳಿಗೆ ಹೆಚ್ಚು ಸಲ ಹೋಗುವುದರಿಂದ ಲಾಭ ಇದೆ. ಇನ್ನೂ ಸಣ್ಣ ಪರಿಣಾಮ ಹಿಡಿಯಬೇಕಾದರೆ ಊರುಗಳ ಸಂಖ್ಯೆ ಹೆಚ್ಚಿಸಬೇಕು. ಊರಿಗೆ 12ರ ಬದಲು 20 ಮನೆ ಮಾಡಿದರೆ ಖರ್ಚು ಏರುತ್ತದೆ, ಫಲ ಅಷ್ಟಾಗಿ ಏರುವುದಿಲ್ಲ.

ಮತ್ತೆ ಸಿಗದ ಮನೆಗಳು

ಐದು ಸುತ್ತು ಎಂದರೆ ಹಲವು ವರ್ಷ. ಅಷ್ಟರಲ್ಲಿ ಕೆಲವು ಮನೆಗಳು ಊರು ಬಿಟ್ಟಿರುತ್ತವೆ. 1800ರಲ್ಲಿ 270 ಸಿಗದಿದ್ದರೆ ಶೇ 15 ಹೋದಂತೆ. ಎಷ್ಟು ಹೋದರು ಎನ್ನುವುದಕ್ಕಿಂತ ಯಾರು ಹೋದರು ಎಂಬುದು ಇಲ್ಲಿ ಮುಖ್ಯ. ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಕಾಟಿಯಾ ಬಟಿಸ್ಟಾ ಮತ್ತು ಪೆಡ್ರೊ ವಿಸೆಂಟೆ ನಡೆಸಿದ ಪ್ರಯೋಗದಲ್ಲಿ ಮೊಬೈಲ್ ಹಣದ ಸೇವೆ ಬಂದ ಮೇಲೆ ಜನ ಕೆಲಸಕ್ಕೆಂದು ಹೊರಗೆ ಹೋಗುವುದು ಹೆಚ್ಚಿತು, ಕೃಷಿಯಲ್ಲಿ ಹೂಡಿಕೆ ಇಳಿಯಿತು. ಅಂದರೆ ನಾವು ಅಳೆಯಹೊರಟ ಸೇವೆಯೇ ಜನರನ್ನು ನಮ್ಮ ಪಟ್ಟಿಯಿಂದ ಆಚೆ ಕಳಿಸಬಲ್ಲದು. ಏಜೆಂಟ್ ಇರುವ ಊರುಗಳಲ್ಲಿ ಸಂಪಾದನೆ ಚೆನ್ನಾಗಿರುವ ಮನೆಗಳೇ ಹೊರಟುಹೋದರೆ, ಉಳಿದವರ ಸರಾಸರಿ ಇಳಿಯುತ್ತದೆ. ಸೇವೆಯಿಂದ ಉಳಿತಾಯ ಕಡಿಮೆಯಾಯಿತು ಎಂಬ ಸುಳ್ಳು ಚಿತ್ರ ಮೂಡುತ್ತದೆ.

ಇದು ಆಗುತ್ತಿದೆಯೇ ಎಂದು ತಿಳಿಯುವ ದಾರಿ ಇದೆ. ಏಜೆಂಟ್ ಬಂದ ಊರುಗಳಲ್ಲಿ ಮತ್ತು ಬಾರದ ಊರುಗಳಲ್ಲಿ ಸಿಗದೆ ಹೋದ ಮನೆಗಳ ಪಾಲನ್ನು ಪ್ರತಿ ಸುತ್ತಿನ ನಂತರವೂ ಹೋಲಿಸಬೇಕು. ಹೋದ ಮನೆಗಳ ಮೊದಲ ಸುತ್ತಿನ ಉಳಿತಾಯ ಉಳಿದವರದ್ದಕ್ಕಿಂತ ಬೇರೆ ಇತ್ತೇ ಎಂದೂ ನೋಡಬೇಕು. ಮೊದಲ ಭೇಟಿಯಲ್ಲೇ ಆ ಮನೆಯವರಲ್ಲದ ಇಬ್ಬರ ಫೋನ್ ನಂಬರ್ ಕೇಳಿ, ಒಪ್ಪಿಗೆ ಪಡೆದು ಬರೆದಿಟ್ಟುಕೊಂಡರೆ ಮುಂದೆ ತುಂಬ ನೆರವಾಗುತ್ತದೆ. ಸಿಗದ 270 ಮನೆಗಳನ್ನೂ ಹುಡುಕಲು ಹಣ ಇರುವುದಿಲ್ಲ. ಚೀಟಿ ಎತ್ತಿ 70 ಮನೆ ಆರಿಸಿ, ಆ 70ನ್ನು ಎಲ್ಲಿದ್ದರೂ ಹೋಗಿ ಹುಡುಕಬೇಕು. ಸಿಕ್ಕ ಪ್ರತಿ ಮನೆಗೂ ಲೆಕ್ಕದಲ್ಲಿ ಸುಮಾರು ನಾಲ್ಕು ಪಟ್ಟು ತೂಕ ಕೊಟ್ಟರೆ ಅವು ಉಳಿದ 200ರ ಪರವಾಗಿಯೂ ನಿಲ್ಲುತ್ತವೆ.

ಈ ಹುಡುಕಾಟದ ಖರ್ಚನ್ನು ಬಜೆಟ್‌ನ 'ಇತರೆ' ಸಾಲಿನಲ್ಲಿ ಸೇರಿಸಬಾರದು. ಹಣ ಕೊಡುವವರು ಮೊದಲು ಕತ್ತರಿ ಹಾಕುವುದು ಆ ಸಾಲಿಗೇ. ಅದಕ್ಕೇ ಬೇರೆ ಸಾಲು ಇರಲಿ. ಪಕ್ಕದಲ್ಲಿ 70 ಮನೆ, ಮನೆಗೆ ಎಷ್ಟು ದಿನ, ಯಾರು ಹೋಗುತ್ತಾರೆ ಎಂದು ಬರೆದಿರಲಿ.